ಪ್ಲೇಟ್‌ಲೆಟ್ ಲೆಕ್ಕ ತಾಳೆಯಾಗುವ ತನಕ ತಡೆಯಿರಿ

ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಡಾಕ್ಟರ ಮೊಬೈಲಿಗೆ ಎರಡು ಸಾಲಿನ ಸಂದೇಶ ಬಂತು. ಭಾನುವಾರ ರಾತ್ರಿ ಹನ್ನೊಂದಕ್ಕೆ ಕ್ಲಿನಿಕ್ಕಿನ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸುತ್ತೇವೆ, ಕಂಪ್ಯೂಟರುಗಳನ್ನು ಆಫ್ ಮಾಡಬೇಡಿ ಎಂದಿತ್ತು. ಕೇಳಿದ್ದು ಅಷ್ಟೇ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಅವರದು ಚಿಕ್ಕ ಕ್ಲಿನಿಕ್ಕು. ಹೊರಗೆ ಚೀಟಿ ಬರೆಯುವ ಕೌಂಟರು, ಒಳಗೆ ಡಾಕ್ಟರ ಕೋಣೆ, ಹಿಂಬದಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬು. ಮೂರೂ ಕಡೆ ಒಂದೊಂದು ಕಂಪ್ಯೂಟರು.

ಅವರ ಕಂಪ್ಯೂಟರ್ ಕೆಲಸ ಆಗಾಗ ನೋಡುವವನು ನಾನು. ಸಂದೇಶ ತೋರಿಸಿ, "ಇದಕ್ಕೆ ಏನಂತ ಉತ್ತರ ಕೊಡೋದು?" ಅಂದರು. ಬೇಡ ಅನ್ನುವ ಹಾಗಿರಲಿಲ್ಲ. ಹಳೆಯ ಆವೃತ್ತಿ ಕೂತಿದ್ದ ಮೈಕ್ರೋಸಾಫ್ಟ್‌ನ ಡೇಟಾಬೇಸ್ 2008 ಆರ್2ರ ಕಾಲದ್ದು. ಅದಕ್ಕೆ ಕಂಪನಿ ಕೊಡುತ್ತಿದ್ದ ಬೆಂಬಲ 2019ರ ಜುಲೈನಲ್ಲೇ ಮುಗಿದಿದೆ. ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ವಿಂಡೋಸ್ 7ರ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ರಂಧ್ರ ಬಿದ್ದರೆ ಮುಚ್ಚುವವರಿಲ್ಲದ ಮನೆ ಅದು. ಹಾಗಾಗಿ ಸಾಫ್ಟ್‌ವೇರಿನವರು ಬದಲಾಯಿಸೋಣ ಎಂದದ್ದರಲ್ಲಿ ತಪ್ಪಿಲ್ಲ. ತಪ್ಪಿದ್ದದ್ದು ಐದು ದಿನದ ಗಡುವಿನಲ್ಲಿ, ಮತ್ತು ನಿಮ್ಮ ಲ್ಯಾಬಿನಲ್ಲಿ ಯಾವ ಯಂತ್ರ ಇದೆ ಎಂದು ಕೇಳದೇ ಇದ್ದದ್ದರಲ್ಲಿ.

ಆ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ರಕ್ತದ ಕಣಗಳನ್ನು ಎಣಿಸುವ ಸೆಲ್ ಕೌಂಟರ್ ಅದು. ಬಿಳಿ ರಕ್ತಕಣ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಲ್ಲವನ್ನೂ ಒಂದೆರಡು ನಿಮಿಷದಲ್ಲಿ ಲೆಕ್ಕ ಹಾಕಿ, ಒಂಬತ್ತು ಪಿನ್ನಿನ ಹಳೇ ಕಾಲದ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಕಳಿಸುವುದು ಬರೀ ಅಂಕಿಗಳ ಸಾಲು. ಇಂಥ ಹಳೆಯ ಕೆಲವು ಯಂತ್ರಗಳು ದಶಾಂಶದ ಚುಕ್ಕೆಯನ್ನೂ ಕಳಿಸುವುದಿಲ್ಲ. ಎಷ್ಟನೆಯ ಅಂಕಿಯ ಹಿಂದೆ ಚುಕ್ಕೆ ಇಡಬೇಕು, ಯಾವ ಅಂಕಿ ಯಾವ ಪರೀಕ್ಷೆಯದು ಎಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ. ಅದನ್ನು ಓದಿಕೊಂಡು ಅರ್ಥ ಕಟ್ಟುವ ಕೆಲಸ ಕ್ಲಿನಿಕ್ಕಿನ ಸಾಫ್ಟ್‌ವೇರಿನದು. ಯಂತ್ರ ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಹೇಳುತ್ತದೆ. ನಮ್ಮ ಕಡೆ ವರದಿಯಲ್ಲಿ ಅಚ್ಚಾಗುವುದು ಲಕ್ಷದ ಲೆಕ್ಕದಲ್ಲಿ. ಯಂತ್ರ 245 ಅಂದರೆ ವರದಿಯಲ್ಲಿ 2.45 ಲಕ್ಷ ಎಂದು ಬರಬೇಕು. ನಡುವೆ ಒಂದು ಭಾಗಾಕಾರ ನಡೆಯಬೇಕು, ಅದನ್ನು ಮಾಡುವುದೂ ಸಾಫ್ಟ್‌ವೇರೇ.

ಸಾಫ್ಟ್‌ವೇರ್ ಬದಲಾದರೆ ಈ ಭಾಗಾಕಾರ ಮಾಡುವ ಕೈಯೂ ಬದಲಾಗುತ್ತದೆ. ಅದೂ ಡೆಂಗಿ ಜ್ವರದ ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತ್ತು. ಆ ದಿನಗಳಲ್ಲಿ ಲ್ಯಾಬಿನ ಮುಂದೆ ಕೂತವರಲ್ಲಿ ಮುಕ್ಕಾಲು ಮಂದಿ ಕೇಳುವುದು ಒಂದೇ ಪ್ರಶ್ನೆ: ಪ್ಲೇಟ್‌ಲೆಟ್ ಎಷ್ಟಿದೆ?

ಆ ಸಂಜೆ ಕೂತು ಕಾಗದ ಬರೆದೆವು. ಮೊದಲ ಕರಡಿನಲ್ಲಿ ಡಾಕ್ಟರು ಕೋಪವನ್ನೆಲ್ಲ ಸುರಿದಿದ್ದರು. ಎರಡನೆಯದರಲ್ಲಿ ಅದನ್ನು ತೆಗೆದೆವು. ಕೋಪದ ಕಾಗದಕ್ಕೆ ಬರುವ ಉತ್ತರ ಸಮಾಧಾನದ ಮಾತಾಗಿರುತ್ತದೆ, ನಮಗೆ ಬೇಕಿದ್ದದ್ದು ತಾರೀಖು ಮತ್ತು ಸಹಿ. ಕೊನೆಗೆ ಹೋದ ಕಾಗದ ಹೀಗಿತ್ತು:

"ಮಾನ್ಯರೇ, ಬರುವ ಭಾನುವಾರ ಮಾಡಬೇಕೆಂದಿರುವ ಬದಲಾವಣೆಯನ್ನು ನಮ್ಮ ಕ್ಲಿನಿಕ್ಕಿನ ಮಟ್ಟಿಗೆ ಸದ್ಯ ತಡೆಹಿಡಿಯಬೇಕೆಂದು ಕೋರುತ್ತೇನೆ. ಬದಲಾವಣೆಗೆ ನಮ್ಮ ವಿರೋಧವಿಲ್ಲ. ನಮ್ಮಲ್ಲಿರುವ ಉಪಕರಣಗಳ ಮತ್ತು ಕಂಪ್ಯೂಟರುಗಳ ಪಟ್ಟಿ, ಮಾದರಿ ಸಂಖ್ಯೆ ಸಮೇತ, ಇದರ ಜೊತೆಗಿದೆ. ಪ್ರತಿಯೊಂದರ ಎದುರು, ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿದ್ದೇವೆ ಅಥವಾ ಪರೀಕ್ಷಿಸಿಲ್ಲ ಎಂದು ಬರೆದು ಸಹಿ ಮಾಡಿ ಕಳಿಸಿ. ನಮ್ಮ ದಾಖಲೆಗಳ ನಕಲಿನ ಮೇಲೆ ಹೊಸ ಆವೃತ್ತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿಕೊಡಿ. ಇಪ್ಪತ್ತು ವರದಿಗಳನ್ನು ಹಳೆಯದರ ಜೊತೆ ತಾಳೆ ನೋಡಿದ ಮೇಲೆ ನಾನು ಒಪ್ಪಿಗೆ ಕೊಡುತ್ತೇನೆ. ಬದಲಾಯಿಸಿದ ನಂತರ ತೊಂದರೆಯಾದರೆ ಹಳೆಯದಕ್ಕೆ ಮರಳುವ ವಿಧಾನ ಏನು, ನಡುವಿನ ದಿನಗಳ ದಾಖಲೆ ಏನಾಗುತ್ತದೆ ಎಂಬುದನ್ನೂ ತಿಳಿಸಿ. ನವೆಂಬರ್ ಕೊನೆಯೊಳಗೆ ಬದಲಾವಣೆ ಮುಗಿಸಲು ನಾವು ಸಿದ್ಧರಿದ್ದೇವೆ. ಅಲ್ಲಿಯವರೆಗೆ ಈಗಿನ ಆವೃತ್ತಿಗೆ ವಾರ್ಷಿಕ ಒಪ್ಪಂದದಂತೆ ಸೇವೆ ಮುಂದುವರಿಸಬೇಕಾಗಿ ವಿನಂತಿ."

ಹಳೆಯದಕ್ಕೆ ಮರಳುವ ವಿಧಾನ ಕೇಳಿದ್ದಕ್ಕೆ ಕಾರಣವಿದೆ. "ಏನೂ ಆಗಲ್ಲ ಸಾರ್, ಬ್ಯಾಕಪ್ ಇದೆ" ಎಂದು ಫೋನಿನಲ್ಲಿ ಎಲ್ಲರೂ ಹೇಳುತ್ತಾರೆ. ಮೈಕ್ರೋಸಾಫ್ಟಿನ ಈ ಡೇಟಾಬೇಸಿನಲ್ಲಿ ಹಳೆಯ ಬ್ಯಾಕಪ್ಪನ್ನು ಹೊಸದರಲ್ಲಿ ತೆರೆಯಬಹುದು, ಹೊಸದರ ಬ್ಯಾಕಪ್ಪನ್ನು ಹಳೆಯದರಲ್ಲಿ ತೆರೆಯಲಾಗದು. ಭಾನುವಾರ ರಾತ್ರಿ ಬದಲಾಯಿಸಿ, ಬುಧವಾರ ಸಂಜೆ ತಪ್ಪು ಕಂಡು ವಾಪಸ್ ಹೋಗೋಣ ಎಂದರೆ ಸಿಗುವುದು ಭಾನುವಾರದ ಬ್ಯಾಕಪ್ಪು ಮಾತ್ರ. ಸೋಮವಾರದಿಂದ ಬುಧವಾರದವರೆಗಿನ ಬಿಲ್ಲು, ವರದಿ, ಔಷಧಿ ಚೀಟಿ ಎಲ್ಲವನ್ನೂ ಕಾಗದ ನೋಡಿಕೊಂಡು ಕೈಯಲ್ಲಿ ಟೈಪ್ ಮಾಡಬೇಕು. ಅದಕ್ಕೇ ಆ ಪ್ರಶ್ನೆಗೆ ಬರವಣಿಗೆಯಲ್ಲೇ ಉತ್ತರ ಬೇಕಿತ್ತು.

ಪಟ್ಟಿ ಮಾಡುವುದು ಅರ್ಧ ದಿನದ ಕೆಲಸವಾಯಿತು. ಪ್ರತಿ ಕಂಪ್ಯೂಟರಿನಲ್ಲೂ `winver` ಎಂದು ಟೈಪ್ ಮಾಡಿ ವಿಂಡೋಸ್ ಯಾವುದೆಂದು ಬರೆದುಕೊಂಡೆವು. ಸಿಸ್ಟಂ ಮಾಹಿತಿಯ ಪುಟದಲ್ಲಿ `System type` ಎಂಬ ಸಾಲು ನೋಡಿದೆವು. ಲ್ಯಾಬಿನ ಕಂಪ್ಯೂಟರಿನಲ್ಲಿ `32-bit Operating System` ಎಂದಿತ್ತು. ಹೊಸ ಆವೃತ್ತಿಗೆ 64 ಬಿಟ್ಟಿನದು ಬೇಕು ಎಂದು ಆಮೇಲೆ ಗೊತ್ತಾಯಿತು. ಅಂದರೆ ಭಾನುವಾರ ರಾತ್ರಿ ಎರಡು ಕಂಪ್ಯೂಟರು ಬದಲಾಗಿ, ಸೋಮವಾರ ಬೆಳಿಗ್ಗೆ ಲ್ಯಾಬಿನದು ಹಾಗೇ ಕಣ್ಣು ಬಿಟ್ಟುಕೊಂಡು ಕೂರುತ್ತಿತ್ತು.

ಇನ್ನೊಂದು ವಿಷಯ ನಮಗೆ ಹೊಳೆದಿರಲೇ ಇಲ್ಲ, ಕೌಂಟರಿನಲ್ಲಿ ಕೂರುವ ಹುಡುಗಿ ಹೇಳಿದಳು. ಔಷಧಿ ಚೀಟಿಯಲ್ಲಿ 'ಊಟದ ನಂತರ', 'ಮಲಗುವ ಮುನ್ನ' ಎಂದು ಅಚ್ಚಾಗುತ್ತಿದ್ದದ್ದು ಹಳೆಯ ನುಡಿ ಅಕ್ಷರದಲ್ಲಿ. ಆ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮೇಲೆ ನುಡಿ ಫಾಂಟು ಕನ್ನಡದ ಅಂಗಿ ತೊಡಿಸಿರುತ್ತದೆ. ಹೊಸ ಆವೃತ್ತಿ ಯೂನಿಕೋಡಿನದು. ಫಾಂಟು ಕಳಚಿದೊಡನೆ 'ಊಟದ ನಂತರ' ಎಂಬುದು `HlzÀ £ÀAvÀgÀ` ಎಂದು ಕಾಣುತ್ತದೆ. ಹಳ್ಳಿಯಿಂದ ಬಂದ ಅಜ್ಜನಿಗೆ ಮಾತ್ರೆಯ ಚೀಟಿ ಹೀಗೆ ಕೊಟ್ಟರೆ ಊಟದ ಮೊದಲೋ ನಂತರವೋ ದೇವರೇ ಬಲ್ಲ. ಇದಕ್ಕೆ ಪರಿಹಾರ ಸುಲಭ, ಅಕ್ಷರ ಪರಿವರ್ತಿಸುವ ತಂತ್ರಾಂಶಗಳಿವೆ. ಬದಲಾವಣೆಗೆ ಮೊದಲೇ ಮಾಡಿಕೊಳ್ಳಬೇಕು, ಅಷ್ಟೇ. ಅದೂ ಪಟ್ಟಿಗೆ ಸೇರಿತು.

ನಾಲ್ಕನೆಯ ದಿನ ಉತ್ತರ ಬಂತು. ಮೊದಲ ವಾಕ್ಯ, ಬೇರೆ ಕ್ಲಿನಿಕ್ಕುಗಳವರೆಲ್ಲ ಹಾಕಿಸಿಕೊಂಡಿದ್ದಾರೆ ಎಂಬುದು. ಅವರ ಯಂತ್ರ ಬೇರೆ, ನಮ್ಮದು ಬೇರೆ. ಎರಡನೆಯ ವಾಕ್ಯದಲ್ಲಿ ಪಟ್ಟಿಯ ಎದುರು ಗುರುತು ಹಾಕಿದ್ದರು, ಸೆಲ್ ಕೌಂಟರಿನ ಎದುರು 'ಪರೀಕ್ಷಿಸಿಲ್ಲ' ಎಂದಿತ್ತು. ಅದನ್ನು ಮುಚ್ಚಿಡದೆ ಬರೆದರಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. ಪರೀಕ್ಷೆಗೆ ಒಂದು ವಾರ ಕೊಟ್ಟರು.

ಪರೀಕ್ಷೆ ಮಾಡುವುದು ಹೇಗೆ? ಸೀರಿಯಲ್ ಕೇಬಲ್ ಒಂದು ಸಲಕ್ಕೆ ಒಂದೇ ಕಂಪ್ಯೂಟರಿಗೆ ಹೋಗುತ್ತದೆ, ರೋಗಿಗಳಿರುವಾಗ ಅದನ್ನು ಕೀಳುವಂತಿಲ್ಲ. ಲ್ಯಾಬಿನ ಹುಡುಗ ದಾರಿ ತೋರಿಸಿದ. ಎಣಿಸಿದ ಫಲಿತಾಂಶಗಳು ಯಂತ್ರದ ನೆನಪಿನಲ್ಲೇ ಉಳಿದಿರುತ್ತವೆ, ಅವನ್ನು ಮತ್ತೆ ಕಳಿಸಲು ಬರುತ್ತದೆ. ಯಾರ ರಕ್ತವನ್ನೂ ಹೊಸದಾಗಿ ತೆಗೆಯಬೇಕಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕ್ಲಿನಿಕ್ಕು ಮುಚ್ಚಿದಾಗ ಕೇಬಲನ್ನು ಪರೀಕ್ಷೆಯ ಕಂಪ್ಯೂಟರಿಗೆ ಚುಚ್ಚಿ, ಹಳೆಯ ಫಲಿತಾಂಶಗಳನ್ನೇ ಮರಳಿ ಕಳಿಸಿದೆವು. ಹೊಸ ಕಂಪ್ಯೂಟರಿಗೆ ಸೀರಿಯಲ್ ಕಿಂಡಿ ಇರದ ಕಾರಣ ಯುಎಸ್‌ಬಿ ಪರಿವರ್ತಕ ಬೇಕಾಯಿತು. ಅದನ್ನು ಬೇರೆ ಕಿಂಡಿಗೆ ಚುಚ್ಚಿದರೆ `COM3` ಹೋಗಿ `COM5` ಆಗಿ, ಅಂಕಿ ಬರುವುದೇ ನಿಲ್ಲುತ್ತದೆ. ಅರ್ಧ ಗಂಟೆ ಅದರಲ್ಲೇ ಹೋಯಿತು.

ಇಪ್ಪತ್ತು ಫಲಿತಾಂಶಗಳನ್ನು ಆರಿಸುವಾಗ ಡಾಕ್ಟರು ಒಂದು ಮಾತು ಹೇಳಿದರು. ಚೆನ್ನಾಗಿರುವವರದ್ದೇ ತಗೋಬೇಡಿ, ಪ್ಲೇಟ್‌ಲೆಟ್ ಲಕ್ಷದ ಕೆಳಗಿರುವವರು ಐದು ಜನರಾದರೂ ಇರಲಿ. ಆ ಒಂದು ಮಾತೇ ಉಳಿಸಿದ್ದು. ಹದಿನೈದು ವರದಿಗಳು ಅಂಕಿಗೆ ಅಂಕಿ ಕೂಡಿದವು. ಉಳಿದ ಐದೂ ತಪ್ಪಿದ್ದವು.

ಯಂತ್ರದ ಚೀಟಿಯಲ್ಲಿ 38 ಎಂದಿತ್ತು. ಅಂದರೆ ಮೂವತ್ತೆಂಟು ಸಾವಿರ, ಲಕ್ಷದ ಲೆಕ್ಕದಲ್ಲಿ 0.38. ಹೊಸ ಸಾಫ್ಟ್‌ವೇರ್ ಅಚ್ಚು ಮಾಡಿದ್ದು 3.8 ಲಕ್ಷ. ಯಂತ್ರ 038 ಎಂದು ಕಳಿಸುತ್ತಿತ್ತು. ಹೊಸ ಸಾಫ್ಟ್‌ವೇರು ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ಬಿಸಾಕಿ, ಉಳಿದದ್ದರ ಮೊದಲ ಅಂಕಿಯ ಹಿಂದೆ ಚುಕ್ಕೆ ಇಡುತ್ತಿತ್ತು. 245 ಬಂದಾಗ 2.45 ಸರಿಯಾಗೇ ಆಗುತ್ತದೆ. ಮೂರು ಅಂಕಿ ಇದ್ದಷ್ಟು ಹೊತ್ತು ತಪ್ಪೇ ಕಾಣದು. ಎರಡು ಅಂಕಿಗೆ ಇಳಿದೊಡನೆ ಹತ್ತು ಪಟ್ಟು ಹೆಚ್ಚಾಗುತ್ತದೆ.

ಆರೋಗ್ಯವಂತರ ಪ್ಲೇಟ್‌ಲೆಟ್ ಸುಮಾರು ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಹಾಗಾದರೆ ನಿಜವಾಗಿ ಹದಿನೈದು ಸಾವಿರದಿಂದ ನಲವತ್ತೈದು ಸಾವಿರದವರೆಗೆ ಕುಸಿದವರು, ಅಂದರೆ ದಿನವೂ ಎಣಿಸಿ ಕಾಯಬೇಕಾದವರೇ, ಈ ವರದಿಯಲ್ಲಿ ಏನೂ ಆಗದವರಂತೆ ಕಾಣುತ್ತಿದ್ದರು. ಪ್ಲೇಟ್‌ಲೆಟ್ ನಲವತ್ತು ಕೋಟಿ ಎಂದು ಬಂದಿದ್ದರೆ ಯಾರಾದರೂ ನಕ್ಕು ಮತ್ತೆ ನೋಡುತ್ತಿದ್ದರು. 3.8ನ್ನು ನೋಡಿ ಯಾರೂ ನಗುವುದಿಲ್ಲ, ಮನೆಗೆ ಹೋಗಿ ಅನ್ನುತ್ತಾರೆ.

ಐದೂ ಚೀಟಿಗಳನ್ನು ಎರಡೂ ವರದಿಗಳ ಪಕ್ಕ ಅಂಟಿಸಿ ಫೋಟೋ ತೆಗೆದು ಕಳಿಸಿದೆವು. ಈ ಸಲ ಉತ್ತರ ಬರಲು ನಾಲ್ಕು ದಿನ ಬೇಕಾಗಲಿಲ್ಲ, ನಾಲ್ಕು ಗಂಟೆಯೂ ಬೇಕಾಗಲಿಲ್ಲ. ಸರಿಪಡಿಸಿದ ಆವೃತ್ತಿ ಬರಲು ಎರಡು ವಾರ ಹಿಡಿಯಿತು. ಅದೇ ಇಪ್ಪತ್ತನ್ನು ಮತ್ತೆ ಕಳಿಸಿ ನೋಡಿದೆವು, ಎಲ್ಲವೂ ಕೂಡಿದವು. ತಡೆಹಿಡಿದ ತಿಂಗಳುಗಳಲ್ಲಿ ಲ್ಯಾಬಿನ ಹಳೇ ಕಂಪ್ಯೂಟರಿಗೆ ಇಂಟರ್ನೆಟ್ ಕಿತ್ತುಹಾಕಿ, ಪೆನ್‌ಡ್ರೈವ್ ಚುಚ್ಚುವುದನ್ನು ನಿಲ್ಲಿಸಿದ್ದೆವು. ಬೆಂಬಲವಿಲ್ಲದ ವಿಂಡೋಸನ್ನು ಇಟ್ಟುಕೊಂಡರೆ ಅಷ್ಟಾದರೂ ಮಾಡಬೇಕು. ನವೆಂಬರ್ ಮೂರನೆಯ ವಾರ ಬದಲಾವಣೆ ಆಯಿತು, ಭಾನುವಾರ ರಾತ್ರಿ ಅಲ್ಲ, ಶನಿವಾರ ಮಧ್ಯಾಹ್ನ, ಅವರ ಕಡೆಯ ಹುಡುಗ ಪಕ್ಕದಲ್ಲೇ ಕೂತಿರುವಾಗ.

ಓದುಗರಿಗೆ ಒಂದು ಮಾತು. ಜ್ವರ ಜೋರಾಗಿದ್ದು ವರದಿಯಲ್ಲಿ ಮಾತ್ರ ಎಲ್ಲ ಸರಿ ಎಂದಿದ್ದರೆ, ಅಥವಾ ನಿನ್ನೆಯ ಅಂಕಿಗೂ ಇಂದಿನದಕ್ಕೂ ಅಜಗಜಾಂತರವಿದ್ದರೆ, ಲ್ಯಾಬಿನವರನ್ನು ಯಂತ್ರದಿಂದ ಬಂದ ಮೂಲ ಚೀಟಿ ತೋರಿಸಲು ಕೇಳಿ. ಅದರಲ್ಲಿ ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ ಇದ್ದರೆ, ನೂರರಿಂದ ಭಾಗಿಸಿದಾಗ ವರದಿಯ ಲಕ್ಷದ ಅಂಕಿ ಬರಬೇಕು.