70 ಕೋಟಿ ಲಾಭ ಎಲ್ಲಿಂದ ಬಂತು?

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಮಾರ್ಚ್ 31ಕ್ಕೆ ಮುಗಿದ ವರ್ಷದ ಫಲಿತಾಂಶವನ್ನು 60 ದಿನಗಳೊಳಗೆ ಸಲ್ಲಿಸಬೇಕೆಂಬುದು ಸೆಬಿಯ ನಿಯಮ. ಲೆಕ್ಕಪರಿಶೋಧಕರು ನೋಡಿದ ಆ ಫಲಿತಾಂಶದ ಪಟ್ಟಿಯ ಜೊತೆಗೆ ಹಲವು ಕಂಪನಿಗಳು ಬಣ್ಣದ ಸ್ಲೈಡುಗಳ ಕಂತೆಯೊಂದನ್ನೂ ಕೊಡುತ್ತವೆ. ಸ್ಲೈಡಿನಲ್ಲಿ ಯಾವ ಅಂಕಿ ದೊಡ್ಡದಾಗಿ ಕಾಣಬೇಕೆಂಬುದು ಕಂಪನಿಯ ಆಯ್ಕೆ. ಆದ್ದರಿಂದ ಸಣ್ಣ ಷೇರುದಾರರಿಗೆ ಟಿಪ್ಪಣಿ ಬರೆಯುವವರು ಸ್ಲೈಡನ್ನು ಪಕ್ಕಕ್ಕಿಟ್ಟು ಪಟ್ಟಿಯಿಂದಲೇ ಶುರುಮಾಡಬೇಕು.

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಮೊದಲ ಸ್ಲೈಡು ಹೀಗೆನ್ನುತ್ತದೆ: ನಿವ್ವಳ ಲಾಭ 50 ಕೋಟಿಯಿಂದ 70 ಕೋಟಿಗೆ, ಶೇ 40ರಷ್ಟು ಏರಿಕೆ. ಸುಳ್ಳಲ್ಲ. ಆದರೆ ಪಟ್ಟಿಯಲ್ಲಿ 'ವಿಶೇಷ ಬಾಬ್ತು' ಎಂಬ ಸಾಲಿದೆ. ಅದರ ಅಡಿಟಿಪ್ಪಣಿ ಓದಿದರೆ, ಹಳೆಯ ಕಾರ್ಖಾನೆಯ ಜಾಗ ಮಾರಿ ತೆರಿಗೆ ಕಳೆದು 28 ಕೋಟಿ ಬಂದದ್ದು ತಿಳಿಯುತ್ತದೆ. ಅದನ್ನು ಬಿಟ್ಟರೆ ಉಳಿಯುವುದು 42 ಕೋಟಿ. ಅಂದರೆ ದಿನನಿತ್ಯದ ವ್ಯವಹಾರದ ಲಾಭ ಶೇ 16ರಷ್ಟು ಇಳಿದಿದೆ. ಕೆಲವು ಕಂಪನಿಗಳಲ್ಲಿ ಇಂಥ ಹಣ 'ಇತರೆ ಆದಾಯ'ದೊಳಗೆ ಸೇರಿಕೊಂಡಿರುತ್ತದೆ. ಆ ಸಾಲು ಹಿಂದಿನ ವರ್ಷಕ್ಕಿಂತ ದಿಢೀರನೆ ಹಿಗ್ಗಿದ್ದರೆ ಅಲ್ಲಿ ನಿಂತು ಕಾರಣ ಹುಡುಕಬೇಕು.

ಕೋಟಿಗಳ ಲೆಕ್ಕ ನೂರು ಷೇರು ಇಟ್ಟುಕೊಂಡವರ ಕೈಗೆ ಸಿಗುವುದಿಲ್ಲ. ಒಟ್ಟು 10 ಕೋಟಿ ಷೇರುಗಳಿದ್ದರೆ ಟಿಪ್ಪಣಿಯಲ್ಲಿ ಹೀಗೆ ಬರೆಯಬಹುದು: "ನಿಮ್ಮ ಒಂದು ಷೇರಿನ ಪಾಲಿಗೆ ಕಂಪನಿ ಈ ವರ್ಷ 7 ರೂಪಾಯಿ ಗಳಿಸಿದೆ. ಅದರಲ್ಲಿ 2 ರೂಪಾಯಿ 80 ಪೈಸೆ ಜಾಗ ಮಾರಿದ್ದರಿಂದ ಬಂದದ್ದು. ಮುಂದಿನ ವರ್ಷ ಅದು ಮತ್ತೆ ಬರುವುದಿಲ್ಲ. ವ್ಯವಹಾರದಿಂದ ಬಂದದ್ದು 4 ರೂಪಾಯಿ 20 ಪೈಸೆ. ಕಳೆದ ವರ್ಷ ಇದು 5 ರೂಪಾಯಿ ಇತ್ತು."

ಇನ್ನೊಂದು ಅಂಕಿ ಟಿಪ್ಪಣಿಯಲ್ಲಿ ಇರಲೇಬೇಕು: ಗಿರಾಕಿಗಳಿಂದ ಬರಬೇಕಾದ ಬಾಕಿ. ನಮ್ಮ ಕಂಪನಿಯ ಮಾರಾಟ 500 ಕೋಟಿಯಿಂದ 550 ಕೋಟಿಗೆ ಏರಿದೆ, ಬಾಕಿ ಮಾತ್ರ 100 ಕೋಟಿಯಿಂದ 165 ಕೋಟಿಗೆ ಜಿಗಿದಿದೆ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ, ಮೊದಲು 73 ದಿನಗಳ ಮಾರಾಟದಷ್ಟಿದ್ದ ಬಾಕಿ ಈಗ ಸುಮಾರು 110 ದಿನಗಳಷ್ಟಾಗಿದೆ ಎಂದು ಕಾಣುತ್ತದೆ. ವರ್ಷದ ಕೊನೆಯಲ್ಲಿ ಸಾಲಕ್ಕೆ ಹೆಚ್ಚು ಮಾಲು ಕೊಟ್ಟಿರಬಹುದು, ಗಿರಾಕಿಯೇ ಕಷ್ಟದಲ್ಲಿರಬಹುದು. ಯಾವುದೆಂದು ಈ ಅಂಕಿ ಹೇಳುವುದಿಲ್ಲ. ಕಂಪನಿ ಕಾರಣ ಕೊಟ್ಟಿದ್ದರೆ ಬರೆಯಿರಿ, ಕೊಡದಿದ್ದರೆ ಕೊಟ್ಟಿಲ್ಲವೆಂದೇ ಬರೆಯಿರಿ.

ಕಂಪನಿಯೊಳಗಿದ್ದು ಟಿಪ್ಪಣಿ ಬರೆಯುವವರಿಗೆ ಇಲ್ಲೊಂದು ಗಟ್ಟಿ ಗೆರೆಯಿದೆ. ಷೇರಿನ ಬೆಲೆಯನ್ನು ಅಲುಗಿಸಬಲ್ಲ ಮಾಹಿತಿ ಇನ್ನೂ ಬಹಿರಂಗವಾಗಿರದಿದ್ದರೆ, ವಿವರಣೆಯ ನೆಪದಲ್ಲೂ ಅದು ಟಿಪ್ಪಣಿಗೆ ನುಸುಳಬಾರದು. ಬರೆದಾದ ಮೇಲೆ ಪ್ರತಿ ಅಂಕಿಯ ಎದುರು ಅದು ಪಟ್ಟಿಯ ಯಾವ ಸಾಲಿನಿಂದ ಬಂತೆಂದು ಗುರುತು ಹಾಕಿ. ಸಾಲು ಸಿಗದ ಅಂಕಿಯನ್ನು ತೆಗೆದುಹಾಕಿ.

ಓದುವವರು ನೀವಾಗಿದ್ದರೆ, ಬಾಕಿ ಏಕೆ ಬೆಳೆಯಿತೆಂದು ವಾರ್ಷಿಕ ಮಹಾಸಭೆಯಲ್ಲಿ ಕೇಳಿ. ಒಂದೇ ಷೇರಿದ್ದರೂ ಆ ಸಭೆಗೆ ಹೋಗುವ ಹಕ್ಕು ನಿಮಗಿದೆ.