ಆರರ ಪ್ಲೇಟಿಗೆ ಏಳನೆಯ ಅತಿಥಿ

ಹಾಸನದಲ್ಲಿರುವ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಫ್ಯಾನ್ ರೆಗ್ಯುಲೇಟರ್ ಕೆಟ್ಟಿತ್ತು. ಯಾವ ನಂಬರಿಗೆ ತಿರುಗಿಸಿದರೂ ಫ್ಯಾನು ಒಂದೇ ವೇಗದಲ್ಲಿ ಸುತ್ತುತ್ತಿತ್ತು. ಹೇಗೂ ಬೋರ್ಡು ಬಿಚ್ಚುವುದಿದೆಯಲ್ಲ, ಅದರ ಜೊತೆಗೆ ಮೊಬೈಲ್ ಚಾರ್ಜಿಗೊಂದು ಯುಎಸ್‌ಬಿ ಸಾಕೆಟ್ಟನ್ನೂ ಕೂರಿಸಿಬಿಡೋಣ ಎಂದು ಅಕ್ಕ ಹೊರಟಳು. ಮಂಚದ ಪಕ್ಕದಲ್ಲೇ ಇರುವ ಬೋರ್ಡು ಅದು. ‘ಗೋಡೆ ಮಾತ್ರ ಒಡೆಯಬಾರದು’ ಎಂಬುದು ಅವಳ ಒಂದೇ ಷರತ್ತು. ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದಳು.

ಬೋರ್ಡು 6 ಎಂ. ಎಂ ಎಂದರೆ ಮಾಡ್ಯೂಲ್. ಅದನ್ನು ‘ಒಂದು ಮನೆ’ ಎಂದುಕೊಂಡರೆ ಲೆಕ್ಕ ಸಲೀಸು. ಸಾಮಾನ್ಯ 6 ಆಂಪಿಯರ್ ಸ್ವಿಚ್ಚು ಒಂದು ಮನೆ ಹಿಡಿಯುತ್ತದೆ, ಅಗಲ ಸುಮಾರು 22 ಮಿಲಿಮೀಟರ್. ಮೂರು ಪಿನ್ನಿನ ಸಾಕೆಟ್ಟಿಗೆ ಎರಡು ಮನೆ ಬೇಕು. ಟಿವಿ ಸಾಕೆಟ್, ಬೆಲ್ ಸ್ವಿಚ್ಚು, ಇಂಡಿಕೇಟರ್ ಸಾಮಾನ್ಯವಾಗಿ ಒಂದೊಂದು. ಅಕ್ಕನ ಬೋರ್ಡಿನಲ್ಲಿ ಫ್ಯಾನು, ಟ್ಯೂಬ್‌ಲೈಟು, ಬಲ್ಬು, ರಾತ್ರಿ ದೀಪ ಎಂದು ನಾಲ್ಕು ಸ್ವಿಚ್ಚುಗಳಿದ್ದವು. ಪಕ್ಕದಲ್ಲಿ ಎರಡು ಮನೆ ಹಿಡಿದು ಕೂತ ದಪ್ಪ ಗುಂಡಿಯ ರೆಗ್ಯುಲೇಟರ್. ಒಟ್ಟು ಆರು, ಒಂದು ಮನೆಯೂ ಖಾಲಿಯಿಲ್ಲ. ಯುಎಸ್‌ಬಿ ಏಳನೆಯದು.

ಅಂಗಡಿಯಲ್ಲಿ ಏಳರ ಪ್ಲೇಟು ಕೇಳಿದರೆ ನಗುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 1, 2, 3, 4, 6, 8, 12, 18ರ ಪ್ಲೇಟುಗಳು. ಐದು, ಏಳು ಬಳಕೆಯಲ್ಲಿಲ್ಲ. ಲೆಕ್ಕ ಐದಕ್ಕೆ ಬಂದರೆ ಆರರ ಪ್ಲೇಟು ತಂದು, ಉಳಿದ ಮನೆಗೆ ಡಮ್ಮಿ ಎಂಬ ಖಾಲಿ ಬಿಲ್ಲೆ ತುರುಕುತ್ತಾರೆ. ಏಳಕ್ಕೆ ಬಂದರೆ ಎಂಟಕ್ಕೆ ಹೋಗಬೇಕು. ‘ಹಾಗಾದರೆ ಎಂಟರ ಪ್ಲೇಟೇ ಹಾಕಿಸಿದರಾಯ್ತು, ನೂರು ಇನ್ನೂರು ಹೆಚ್ಚು ತಾನೇ?’ ಎಂದಳು ಅಕ್ಕ. ಎಡವುವುದು ಇಲ್ಲೇ. ಪ್ಲೇಟು ಗೋಡೆಯ ಮೇಲೆ ಕಾಣುವ ಮುಖವಷ್ಟೇ. ಅದನ್ನು ಹಿಡಿದಿಡುವ ಸ್ಕ್ರೂ ಹೋಗಿ ಕೂರುವುದು ಗೋಡೆಯೊಳಗೆ ಹುಗಿದ ತಗಡಿನ ಬಾಕ್ಸಿನ ಕಿವಿಗಳಲ್ಲಿ. ಆರರ ಬಾಕ್ಸಿನ ಕಿವಿಗಳಿರುವಲ್ಲಿ ಎಂಟರ ಪ್ಲೇಟಿನ ತೂತುಗಳು ಬರುವುದಿಲ್ಲ. ಪ್ಲೇಟು ಬದಲಿಸುವುದು ಹತ್ತು ನಿಮಿಷದ ಕೆಲಸ. ಬಾಕ್ಸು ಬದಲಿಸುವುದೆಂದರೆ ಉಳಿ, ಸುತ್ತಿಗೆ, ಸಿಮೆಂಟು, ಮತ್ತೆ ಬಣ್ಣ. ಎಂಟರಲ್ಲಿ ಇನ್ನೊಂದು ಪೇಚೂ ಇದೆ. ಎಂಟೂ ಒಂದೇ ಸಾಲಿನಲ್ಲಿರುವ ಉದ್ದನೆಯ ಪ್ಲೇಟು ಒಂದು ಬಗೆ, ನಾಲ್ಕರ ಮೇಲೆ ನಾಲ್ಕು ಕೂರುವ ಚೌಕದ ಪ್ಲೇಟು ಇನ್ನೊಂದು. ಎರಡಕ್ಕೂ ಬಾಕ್ಸು ಬೇರೆ ಬೇರೆ. ‘ಎಂಟರದ್ದು ಕೊಡಿ’ ಎಂದಷ್ಟೇ ಹೇಳಿ ತಂದವರು ಅಂಗಡಿಗೆ ಇನ್ನೊಂದು ಸಲ ಹೋಗುವುದುಂಟು.

ಬಾಕ್ಸನ್ನು ಮುಟ್ಟದೆ ಮನೆ ಹೆಚ್ಚಿಸಿಕೊಳ್ಳಲು ಇರುವ ಒಂದೇ ಸುಲಭದ ಅವಕಾಶ ಅತಿ ಚಿಕ್ಕ ಬೋರ್ಡಿನಲ್ಲಿದೆ. ಒಂದರ ಪ್ಲೇಟು, ಎರಡರ ಪ್ಲೇಟು ಎರಡರದ್ದೂ ಹೊರ ಅಳತೆ ಒಂದೇ, ಬಾಕ್ಸೂ ಒಂದೇ, ಸುಮಾರು ಮೂರು ಇಂಚಿನ ಚೌಕ. ಒಂಟಿ ಸ್ವಿಚ್ಚಿರುವ ಕಡೆ ಎರಡರ ಪ್ಲೇಟು ತಂದರೆ ಗೋಡೆಗೆ ಕೈ ಹಚ್ಚದೆ ಒಂದು ಮನೆ ದಕ್ಕಿತು. ಆದರೆ ಮೂರರ ಬಾಕ್ಸು ನಾಲ್ಕು ಇಂಚು, ನಾಲ್ಕರದ್ದು ಐದು ಇಂಚು ಹೀಗೆ ಬೆಳೆಯುತ್ತಾ ಹೋಗುವುದರಿಂದ ಮುಂದೆಲ್ಲೂ ಈ ಉಪಾಯ ನಡೆಯುವುದಿಲ್ಲ.

ಆರರಲ್ಲೇ ಏಳನ್ನು ಹೊಂದಿಸಬೇಕಾದರೆ ಯಾರಾದರೊಬ್ಬರು ಸರಿದು ಕೂರಬೇಕು. ರೆಗ್ಯುಲೇಟರ್ ಈಗ ಒಂದೇ ಮನೆಯ ಅಳತೆಯಲ್ಲೂ ಸಿಗುತ್ತದೆ. ಸ್ಟೆಪ್ ರೆಗ್ಯುಲೇಟರ್ ಎಂಬ ಈ ಬಗೆಯ ಒಳಗಿರುವುದು ಕೆಪಾಸಿಟರುಗಳು. ಗುಂಡಿ ತಿರುಗಿಸಿದಂತೆ ಬೇರೆ ಬೇರೆ ಕೆಪಾಸಿಟರ್ ಫ್ಯಾನಿನ ದಾರಿಯಲ್ಲಿ ಅಡ್ಡ ಬಂದು ವೇಗ ತಗ್ಗಿಸುತ್ತವೆ. ಕೊನೆಯ ನಂಬರಿನಲ್ಲಿ ಯಾವುದೂ ಅಡ್ಡವಿಲ್ಲದೆ ಕರೆಂಟು ನೇರ ಹರಿಯುತ್ತದೆ. ಚಿಕ್ಕದರಲ್ಲಿ ಒಂದು ಹಂತ ಕಡಿಮೆಯಿರಬಹುದು, ಅಷ್ಟೇ. ಇಷ್ಟೂ ಸಾಲದೆ ಇನ್ನೂ ಒಂದು ಮನೆ ಬೇಕೆಂದರೆ ಫ್ಯಾನಿನ ಸ್ವಿಚ್ಚನ್ನೇ ತೆಗೆದುಬಿಡುವವರಿದ್ದಾರೆ. ರೆಗ್ಯುಲೇಟರನ್ನು ಸೊನ್ನೆಗೆ ತಂದರೆ ಫ್ಯಾನು ಹೇಗೂ ನಿಲ್ಲುತ್ತದೆ. ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಕರೆಂಟು ಬಂದು ಹೋಗುವ ಊರಿನಲ್ಲಿ ರಾತ್ರಿ ಎದ್ದವರ ಬೆರಳು ಹುಡುಕುವುದು ಸ್ವಿಚ್ಚನ್ನೇ ಹೊರತು ಗುಂಡಿಯನ್ನಲ್ಲ.

ಫ್ಯಾನು ಯಾವ ಬಗೆಯದು ಎಂದು ಮೊದಲೇ ನೋಡಿಕೊಳ್ಳುವುದೂ ಒಳ್ಳೆಯದು. ರಿಮೋಟಿನಲ್ಲಿ ವೇಗ ಬದಲಿಸುವ ಬಿಎಲ್‌ಡಿಸಿ ಫ್ಯಾನಾದರೆ ಗೋಡೆಯ ರೆಗ್ಯುಲೇಟರ್ ಬೇಡವೇ ಬೇಡ, ಅದರ ದಾರಿಯಲ್ಲಿ ರೆಗ್ಯುಲೇಟರ್ ಇರಲೂ ಬಾರದು. ಆಗ ಎರಡೂ ಮನೆ ಖಾಲಿಯಾಗುತ್ತವೆ. ಅಕ್ಕನದು ಹಳೆಯ ಫ್ಯಾನು. ಹಾಗಾಗಿ ಒಂದು ಮನೆಯ ರೆಗ್ಯುಲೇಟರ್, ಒಂದು ಮನೆಯ ಯುಎಸ್‌ಬಿ ಎಂದು ತೀರ್ಮಾನವಾಯಿತು. ಅಂಗಡಿಗೆ ಹೊರಡುವ ಮುಂಚೆ ಎಂಸಿಬಿ ಇಳಿಸಿ, ಬೋರ್ಡಿನಿಂದ ಒಂದು ಸ್ವಿಚ್ಚು ಬಿಚ್ಚಿ ಜೇಬಿಗೆ ಹಾಕಿಕೊಂಡೆವು. ಒಂದು ಕಂಪನಿಯ ಮಾಡ್ಯೂಲು ಇನ್ನೊಂದು ಕಂಪನಿಯ ಫ್ರೇಮಿನಲ್ಲಿ ಕ್ಲಿಕ್ ಎಂದು ಕೂರುವುದಿಲ್ಲ. ಎಷ್ಟೋ ಸಲ ಅದೇ ಕಂಪನಿಯ ಬೇರೆ ರೇಂಜಿನದೂ ಕೂರುವುದಿಲ್ಲ. ಹತ್ತು ವರ್ಷ ಹಳೆಯ ಬೋರ್ಡಾದರೆ ಆ ರೇಂಜೇ ನಿಂತುಹೋಗಿರಬಹುದು. ಆಗ ಫ್ರೇಮು, ಪ್ಲೇಟು, ಆರೂ ಮನೆಯ ಸಾಮಾನು ಹೊಸದಾಗಿಯೇ ಬೇಕು. ನಮ್ಮ ಅದೃಷ್ಟಕ್ಕೆ ಅದೇ ರೇಂಜು ಸಿಕ್ಕಿತು.

ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಮೇಲಿನ ಪ್ಲೇಟು ಕಿತ್ತು, ಫ್ರೇಮಿನ ಸ್ಕ್ರೂ ಬಿಚ್ಚಿ, ಬಾಕ್ಸಿನೊಳಗೆ ಟಾರ್ಚು ಬಿಟ್ಟರು. ಒಂದು ಕ್ಷಣ ನೋಡಿ, ‘ಇದ್ರಲ್ಲಿ ನ್ಯೂಟ್ರಲ್ಲೇ ಇಲ್ವಲ್ಲ ಅಕ್ಕಾ’ ಎಂದರು.

ಮನೆಯ ಲೆಕ್ಕ ಸರಿಹೋದರೂ ತಂತಿಯ ಲೆಕ್ಕ ತಪ್ಪಿತ್ತು. ರೆಗ್ಯುಲೇಟರಿಗೂ ಯುಎಸ್‌ಬಿಗೂ ಇರುವ ನಿಜವಾದ ವ್ಯತ್ಯಾಸ ಇದು. ರೆಗ್ಯುಲೇಟರ್ ಕೂರುವುದು ಫ್ಯಾನಿಗೆ ಹೋಗುವ ದಾರಿಯ ನಡುವೆ: ಸ್ವಿಚ್ಚಿನಿಂದ ಬಂದ ತಂತಿ ಒಂದು ಕಡೆ, ಫ್ಯಾನಿಗೆ ಹೋಗುವ ತಂತಿ ಇನ್ನೊಂದು ಕಡೆ. ಅದಕ್ಕೆ ನ್ಯೂಟ್ರಲ್ ಬೇಡ. ಯಾರಾದರೂ ತಪ್ಪಿ ಕೊಟ್ಟರೆ ಗುಂಡಿ ಕೊನೆಯ ನಂಬರಿಗೆ ಬಂದೊಡನೆ ನೇರ ಶಾರ್ಟ್ ಆಗುತ್ತದೆ. ಯುಎಸ್‌ಬಿ ಹಾಗಲ್ಲ. ಅದು ತಾನೇ ಒಂದು ಪುಟ್ಟ ಚಾರ್ಜರು, 230 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಯಂತ್ರ. ಅದಕ್ಕೆ ಬಲ್ಬಿನ ಹಾಗೆ ಫೇಸೂ ಬೇಕು, ನ್ಯೂಟ್ರಲ್ಲೂ ಬೇಕು. ಬರೀ ಸ್ವಿಚ್ಚುಗಳಿರುವ ಹಳೆಯ ಬೋರ್ಡುಗಳಿಗೆ ಎಷ್ಟೋ ಮನೆಗಳಲ್ಲಿ ಒಂದು ಫೇಸ್ ಮಾತ್ರ ಬಂದಿರುತ್ತದೆ. ಅದೇ ಸ್ವಿಚ್ಚಿನಿಂದ ಸ್ವಿಚ್ಚಿಗೆ ಲೂಪ್ ಆಗಿ, ಒಂದೊಂದರಿಂದ ಒಂದೊಂದು ತಂತಿ ಮೇಲೆ ಹೋಗುತ್ತದೆ. ನ್ಯೂಟ್ರಲ್ ಛಾವಣಿಯ ಜಂಕ್ಷನ್ ಬಾಕ್ಸಿನಲ್ಲೇ ಹಂಚಿಕೆಯಾಗಿ ಹೋಗಿರುತ್ತದೆ. ಕೆಲವು ಮನೆಗಳಲ್ಲಿ ಬಾಕ್ಸಿನ ತಳದಲ್ಲಿ, ಯಾವ ಸ್ವಿಚ್ಚಿಗೂ ಸೇರದೆ ಟೇಪು ಸುತ್ತಿದ ಕಪ್ಪು ತಂತಿಗಳ ಗಂಟು ಸಿಗುತ್ತದೆ. ಬಹುಮಟ್ಟಿಗೆ ಅದೇ ನ್ಯೂಟ್ರಲ್. ಬಿಚ್ಚದೆಯೇ ತಿಳಿಯಬೇಕಾದರೆ ಬೋರ್ಡಿನಲ್ಲಿ ಮೂರು ಪಿನ್ನಿನ ಸಾಕೆಟ್ಟೋ ಇಂಡಿಕೇಟರೋ ಇದೆಯೇ ನೋಡಿ. ಇದ್ದರೆ ನ್ಯೂಟ್ರಲ್ ಅಲ್ಲಿಗೆ ಬಂದಿದೆ ಎಂದರ್ಥ. ಅಕ್ಕನ ಬೋರ್ಡಿನಲ್ಲಿ ಎರಡೂ ಇರಲಿಲ್ಲ. ಅದನ್ನು ನಾವು ಅಂಗಡಿಗೆ ಹೋಗುವ ಮುಂಚೆಯೇ ಗಮನಿಸಬೇಕಿತ್ತು.

ನ್ಯೂಟ್ರಲ್ ಇಲ್ಲದ ಕಡೆ ಕೆಲಸ ಬೇಗ ಮುಗಿಸುವ ಆತುರದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಮೊದಲನೆಯದು ಟೆಸ್ಟರಿನ ಮೋಸ. ಬಲ್ಬಿನ ಸ್ವಿಚ್ಚು ಆಫ್ ಇದ್ದಾಗ ಅದರಿಂದ ಬಲ್ಬಿಗೆ ಹೋಗುವ ತಂತಿಗೆ ಟೆಸ್ಟರ್ ಇಟ್ಟರೆ ದೀಪ ಹತ್ತುವುದಿಲ್ಲ. ನ್ಯೂಟ್ರಲ್ ಸಿಕ್ಕಿತೆಂದು ಯುಎಸ್‌ಬಿಯನ್ನು ಅದಕ್ಕೆ ಸೇರಿಸಿದರೆ ಕರೆಂಟು ಬಲ್ಬಿನ ಮೂಲಕ ಸುತ್ತಿ ಬರಬೇಕಾಗುತ್ತದೆ. ಎಲ್‌ಇಡಿ ಬಲ್ಬು ಮಿಣಮಿಣ ಎನ್ನುತ್ತದೆ, ಫೋನು ಚಾರ್ಜ್ ಆಗುವುದಿಲ್ಲ. ಸ್ವಿಚ್ಚು ಹಾಕಿದರಂತೂ ಎರಡು ಕಡೆಯೂ ಫೇಸೇ ಆಗಿ ಯುಎಸ್‌ಬಿ ಪೂರ್ತಿ ಸತ್ತಂತಾಗುತ್ತದೆ.

ಎರಡನೆಯದು ನಿಜಕ್ಕೂ ಅಪಾಯದ್ದು. ಹಸಿರು ಅರ್ತ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಳ್ಳುವುದು. ಹಾಗೆ ಮಾಡಿದರೆ ಯುಎಸ್‌ಬಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದಕ್ಕೇ ತಪ್ಪು ಬೇಗ ಗೊತ್ತಾಗುವುದಿಲ್ಲ. 5 ವೋಲ್ಟು, 2.1 ಆಂಪಿಯರಿನ ಸಾಕೆಟ್ಟು ಪೂರ್ತಿ ದುಡಿಯುವಾಗ 230 ವೋಲ್ಟಿನ ಕಡೆಯಿಂದ ಸುಮಾರು 50 ಮಿಲಿಆಂಪಿಯರ್ ಎಳೆಯುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಫೋನು ಸಿಕ್ಕಿಸಿದಾಗೆಲ್ಲ ಅದು ಟ್ರಿಪ್ ಆಗಿ ಗುಟ್ಟು ಬಯಲಾಗುತ್ತದೆ. ಇಲ್ಲದಿದ್ದರೆ ಬಯಲಾಗುವುದೇ ಇಲ್ಲ. ಮುಂದೆಂದೋ ಅರ್ತ್ ತಂತಿ ಎಲ್ಲಾದರೂ ತುಂಡಾದ ದಿನ, ತುಂಡಾದ ಜಾಗದಿಂದ ಈಚೆ ಆ ತಂತಿಗೆ ಸೇರಿದ ಫ್ರಿಜ್ಜು, ಗೀಸರಿನ ಲೋಹದ ಮೈಯೆಲ್ಲ ಶಾಕ್ ಹೊಡೆಯುವಂತಾಗಬಹುದು.

ನಮ್ಮ ಎಲೆಕ್ಟ್ರಿಷಿಯನ್ ಎರಡೂ ದಾರಿ ಹಿಡಿಯಲಿಲ್ಲ. ಎಂಸಿಬಿ ಮತ್ತೆ ಇಳಿಸಿ, ಏಣಿ ಹತ್ತಿ ಫ್ಯಾನಿನ ಪಕ್ಕದ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದರು. ಅಲ್ಲಿಂದ ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ, ಅದರ ತುದಿಗೆ 1 ಚದರ ಮಿಲಿಮೀಟರಿನ ಕಪ್ಪು ತಂತಿ ಕಟ್ಟಿ ಬೋರ್ಡಿಗೆ ಎಳೆದರು. ಪೈಪಿನಲ್ಲಿ ಮೊದಲೇ ಐದು ತಂತಿಗಳಿದ್ದವು, ಆರನೆಯದು ಒಂದು ಬೆಂಡಿನಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ಕಾಡಿತು. ಅದು ಬರದೇ ಹೋಗಿದ್ದರೆ ಈ ಬೋರ್ಡಿನಲ್ಲಿ ಯುಎಸ್‌ಬಿಯ ಆಸೆ ಬಿಡಬೇಕಿತ್ತು.

ಕೊನೆಗೆ ಉಳಿದದ್ದು ಆಳ. ಬಾಕ್ಸಿನ ಆಳ ಎರಡು ಇಂಚು. ಸ್ವಿಚ್ಚಿಗಿಂತ ರೆಗ್ಯುಲೇಟರಿನ ಬೆನ್ನು ದಪ್ಪ, ಯುಎಸ್‌ಬಿಯದೂ ದಪ್ಪ. ಎರಡನ್ನೂ ಪೈಪು ಬಾಕ್ಸಿಗೆ ಬರುವ ಮೂಲೆಯಲ್ಲಿ ಕೂರಿಸಿದರೆ ತಂತಿಗಳ ಕಟ್ಟು ಅವುಗಳ ಬೆನ್ನಿಗೆ ಒತ್ತುತ್ತದೆ. ಅದಕ್ಕೇ ಸ್ವಿಚ್ಚುಗಳನ್ನು ಆ ಕಡೆ ಸರಿಸಿ, ಇವೆರಡನ್ನು ಎದುರು ತುದಿಗೆ ಹಾಕಿದರು. ಸ್ಕ್ರೂ ಹಾಕುವ ಮುಂಚೆ ಫ್ರೇಮನ್ನು ಬರಿಗೈಯಲ್ಲಿ ಒತ್ತಿ ನೋಡಿದರು. ಗೋಡೆಗೆ ಸಮನಾಗಿ ಕೂತಿತು. ಹಾಗೆ ಕೂರದಿದ್ದಾಗ ಸ್ಕ್ರೂನಿಂದ ಬಿಗಿದು ಎಳೆಯುವವರಿದ್ದಾರೆ. ಫ್ರೇಮು ಬಿಲ್ಲಿನಂತೆ ಬಾಗಿ, ಕೆಲವು ದಿನಗಳಲ್ಲಿ ನಡುವಿನ ಸ್ವಿಚ್ಚು ಒತ್ತಿದಾಗ ಒಳಕ್ಕೆ ಬೀಳುತ್ತದೆ.

ತಗಡಿನ ಬಾಕ್ಸಿನ ಮೇಲೆ ಹೈಲಮ್ ಶೀಟು ಹೊಡೆದ ಇನ್ನೂ ಹಳೆಯ ಬೋರ್ಡುಗಳಿರುವ ಮನೆಯವರಿಗೆ ಈ ಕಥೆಯ ಬಹುಪಾಲು ಅನ್ವಯಿಸದು. ಆ ಬಾಕ್ಸುಗಳ ಅಳತೆಯೇ ಬೇರೆ. ನಾಲ್ಕು ಇಂಚಿನ ಚೌಕದ ಬಾಕ್ಸಿಗೆ ಎರಡರ ಪ್ಲೇಟು ಹಿಡಿದರೆ ಪಕ್ಕದಲ್ಲಿ ಸಂದು ಕಾಣುತ್ತದೆ, ಕಿವಿಗಳೂ ಹೊಂದುವುದಿಲ್ಲ. ಅಲ್ಲಿ ಹಳೆಯದನ್ನು ಕಿತ್ತು ಮಾಡ್ಯುಲರ್ ಬಾಕ್ಸು ಕೂರಿಸಿ, ಸಂದಿಗೆ ಸಿಮೆಂಟು ತುಂಬಬೇಕು. ಗೋಡೆ ಒಡೆಯಬಾರದೆಂದರೆ ಮೇಲೆ ಪ್ಲಾಸ್ಟಿಕ್ ಸರ್ಫೇಸ್ ಬಾಕ್ಸು ಹಾಕಬೇಕು. ಎದ್ದು ಕಾಣುತ್ತದೆ, ಆದರೆ ಆಳದ ತಾಪತ್ರಯವಿಲ್ಲ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಹಾಲಿನ ಬೋರ್ಡಿಗೂ ಯುಎಸ್‌ಬಿ ಬೇಕಂತೆ. ‘ಎಂಟರದ್ದು, ಚೌಕ. ಐದು ಸ್ವಿಚ್ಚು, ಒಂದು ಸಾಕೆಟ್ಟು, ಒಂದು ಡಮ್ಮಿ ಇದೆ ಕಣೋ’ ಎಂದಳು. ಸಾಕೆಟ್ಟಿದೆ ಅಂದರೆ ನ್ಯೂಟ್ರಲ್ಲೂ ಇದೆ ತಾನೇ ಎಂದು ಅವಳೇ ಕೇಳಿದಳು.