ಅಧ್ಯಕ್ಷರ ಮಾತು ಮತ್ತು ಹಿಂದಿನ ಪುಟದ ಲೆಕ್ಕ: ಕಾಸರಗೋಡಿನ ಒಂದು ಸಹಕಾರಿ ಸಂಘದ ಅನುಭವ

ನಾನು ಕಾಸರಗೋಡು ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವನು. ನಮ್ಮೂರಿನ ಸೇವಾ ಸಹಕಾರಿ ಸಂಘದಲ್ಲಿ ಒಂದು ಅವಧಿಗೆ ನಿರ್ದೇಶಕನೂ ಆಗಿದ್ದೆ. ಕನ್ನಡ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ವಾರ್ಷಿಕ ವರದಿಯ ಮೊದಲ ಪುಟದ 'ಅಧ್ಯಕ್ಷರ ಮಾತು' ಹಲವು ವರ್ಷ ನನ್ನ ಕೈಯಲ್ಲೇ ಕರಡಾಯಿತು. ಅದರಲ್ಲಿ ಒಂದು ವರ್ಷದ ಕರಡನ್ನು ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ಸಂಘದ ಗುರುತು ಸಿಗದ ಹಾಗೆ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ಇದ್ದದ್ದೇ.

ಆ ಹೊತ್ತಿನ ಹಿನ್ನೆಲೆ ಹೇಳಬೇಕು. 2021ರಲ್ಲಿ ತ್ರಿಶೂರ್ ಜಿಲ್ಲೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಠೇವಣಿದಾರರಿಗೆ ಹಣ ಸಿಗದೆ ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಪರವಾನಗಿ ಇಲ್ಲದ ಸಹಕಾರಿ ಸಂಘಗಳ ಠೇವಣಿಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇಲ್ಲ ಎಂದು ಪ್ರಕಟಣೆ ಹೊರಡಿಸಿತು. ಆಮೇಲೆ ಅಡಿಕೆ ಮಾರಿದ ದುಡ್ಡು ಇಟ್ಟವರು ಕೌಂಟರಿಗೆ ಬಂದು, "ಎಂತ ಮಾಷ್ಟ್ರೆ, ನಮ್ಮದು ಗಟ್ಟಿ ಉಂಟಲ್ಲ?" ಎಂದು ಕೇಳತೊಡಗಿದರು. ಅಂಥ ಸಮಯದಲ್ಲಿ ಅಧ್ಯಕ್ಷರ ಮಾತು ಅಂಜಿದರೂ ಕಷ್ಟ, ಉಬ್ಬಿದರೂ ಕಷ್ಟ.

ಅಧ್ಯಕ್ಷರು ತಾವೇ ಬರೆದು ತಂದ ಚೀಟಿಯಲ್ಲಿ ಮೂರು ವಾಕ್ಯ ಇತ್ತು. ಠೇವಣಿಯಲ್ಲಿ ಅಭೂತಪೂರ್ವ ಏರಿಕೆ. ವಾಯಿದೆ ಮೀರಿದ ಬಾಕಿ ಶೇ. 12ರಿಂದ 11ಕ್ಕೆ ಇಳಿದಿದೆ. ಸದಸ್ಯರ ಠೇವಣಿ ನೂರಕ್ಕೆ ನೂರು ಸುರಕ್ಷಿತ. ಮೊದಲ ಎರಡರ ಅಂಕಿ ತಪ್ಪಲ್ಲ, ಲೆಕ್ಕಪರಿಶೋಧಕರೂ ಒಪ್ಪುವಂಥದ್ದೇ. ಆದರೆ ಅಂಕಿ ಸರಿಯಿದ್ದ ಮಾತ್ರಕ್ಕೆ ಮಾತು ಸರಿಯಾಗುವುದಿಲ್ಲ.

ಠೇವಣಿ ನೋಡಿ. 12 ಕೋಟಿ ಇದ್ದದ್ದು 13 ಕೋಟಿ ಆಗಿತ್ತು. ನಾನು ಕಾರ್ಯದರ್ಶಿಯವರ ಹತ್ತಿರ ಒಂದೇ ಪ್ರಶ್ನೆ ಕೇಳಿದೆ: ಈ ಒಂದು ಕೋಟಿಯಲ್ಲಿ ಹಳೆಯ ಖಾತೆಗಳಿಗೇ ಜಮೆಯಾದ ಬಡ್ಡಿ ಎಷ್ಟು? ಅವರು ಲೆಡ್ಜರ್ ನೋಡಿ 80 ಲಕ್ಷ ಎಂದರು. ಅವಧಿ ಮುಗಿದ ಠೇವಣಿಯನ್ನು ಬಡ್ಡಿ ಸಮೇತ ಮತ್ತೆ ಇಟ್ಟರೆ ಮೊತ್ತ ತಾನಾಗಿ ಬೆಳೆಯುತ್ತದೆ. ತೆಗೆದದ್ದು ಕಳೆದು ನಿಜವಾಗಿ ಹೊಸದಾಗಿ ಬಂದದ್ದು 20 ಲಕ್ಷ. 'ಅಭೂತಪೂರ್ವ' ಅಲ್ಲಿಗೆ ಬಿತ್ತು. ಆದರೆ ಅದರ ಅಡಿಯಲ್ಲಿ ಒಂದು ಗಟ್ಟಿ ಮಾತು ಸಿಕ್ಕಿತು. ಎಲ್ಲೆಡೆ ಜನ ಹೆದರಿದ್ದ ವರ್ಷದಲ್ಲಿ ನಮ್ಮ ಸದಸ್ಯರು ಬಡ್ಡಿಯನ್ನೂ ತೆಗೆಯದೆ ಸಂಘದಲ್ಲೇ ಬಿಟ್ಟಿದ್ದರು. ಅದನ್ನು ಹಾಗೆಯೇ ಬರೆದೆವು.

ಎರಡನೆಯದು ಬಾಕಿ. ಹಿಂದಿನ ವರ್ಷ ಹೊರಗಿದ್ದ ಸಾಲ 8 ಕೋಟಿ, ಅದರಲ್ಲಿ ವಾಯಿದೆ ಮೀರಿದ್ದು 96 ಲಕ್ಷ, ಶೇ. 12. ಈ ವರ್ಷ ಸಾಲ 10 ಕೋಟಿ, ವಾಯಿದೆ ಮೀರಿದ್ದು 1 ಕೋಟಿ 10 ಲಕ್ಷ, ಶೇ. 11. ಶೇಕಡಾ ಇಳಿಯಿತು, ರೂಪಾಯಿ 14 ಲಕ್ಷ ಏರಿತು! ಹೊಸ ಸಾಲ ಹೆಚ್ಚು ಕೊಟ್ಟದ್ದರಿಂದ ಭಾಗಿಸುವ ಸಂಖ್ಯೆ ದೊಡ್ಡದಾಯಿತು, ಅಷ್ಟೇ. ಹೊಸ ಸಾಲಗಳ ವಾಯಿದೆ ಇನ್ನೂ ಬಂದಿರಲಿಲ್ಲ, ಹಾಗಾಗಿ ಅವು ಬಾಕಿಯಾಗುವ ಪ್ರಶ್ನೆಯೇ ಇರಲಿಲ್ಲ. ಶೇಕಡಾವಾರು ಮಾತ್ರ ಹೇಳುವ ವಾಕ್ಯ ಕಂಡಾಗಲೆಲ್ಲ ಪಕ್ಕದಲ್ಲಿ ರೂಪಾಯಿ ಬರೆದು ನೋಡಿ. ಎರಡೂ ಒಂದೇ ದಿಕ್ಕಿಗೆ ಹೋಗದಿದ್ದರೆ ಅಲ್ಲಿ ಏನೋ ಉಂಟು.

ಅಧ್ಯಕ್ಷರಿಗೆ ಇದು ರುಚಿಸಲಿಲ್ಲ. "ಮಾಷ್ಟ್ರೆ, ನಾವೇ ನಮ್ಮ ಮುಖಕ್ಕೆ ಮಸಿ ಬಳಿಯುವುದಾ?" ಎಂದರು. ನಾನು ವರದಿಯ ಹಿಂದಿನ ಪುಟ ತಿರುಗಿಸಿ ತೋರಿಸಿದೆ. 1 ಕೋಟಿ 10 ಲಕ್ಷ ಅಲ್ಲಿ ಅಚ್ಚಾಗಿಯೇ ಇರುತ್ತದೆ. ಸದಸ್ಯರು ಅದನ್ನು ಮೊದಲು ಅಧ್ಯಕ್ಷರ ಬಾಯಿಂದ ಕೇಳಬೇಕೋ, ಸಭೆಯಲ್ಲಿ ಎದ್ದು ನಿಂತ ಒಬ್ಬ ಸದಸ್ಯರ ಬಾಯಿಂದ ಕೇಳಬೇಕೋ ಎಂಬುದಷ್ಟೇ ನಮಗಿದ್ದ ಆಯ್ಕೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರಿಯಾಗಿ ಬರೆಯಿರಿ" ಎಂದರು.

ಸರಿಯಾಗಿ ಬರೆಯಬೇಕಾದರೆ ಮೊತ್ತವನ್ನು ಒಡೆಯಬೇಕು. ಹಳೆಯ 96 ಲಕ್ಷದಲ್ಲಿ 30 ಲಕ್ಷ ವಸೂಲಾಗಿತ್ತು. ಹೊಸದಾಗಿ 44 ಲಕ್ಷ ಸೇರಿತ್ತು. ಮಳೆ ಬಿಡದೆ ಹೊಡೆದು, ಮದ್ದು ಬಿಡಲಿಕ್ಕೆ ಬಿಸಿಲು ಸಿಗದೆ, ಅಡಿಕೆಗೆ ಕೊಳೆರೋಗ ಬಂದ ವರ್ಷ ಅದು. ಎಲ್ಲವನ್ನೂ ಕೊಳೆರೋಗದ ಮೇಲೆ ಹಾಕುವ ಎಂದರು ಅಧ್ಯಕ್ಷರು. ಪಟ್ಟಿ ನೋಡಿದರೆ 44ರಲ್ಲಿ 32 ಲಕ್ಷ ಅಡಿಕೆ ಕೃಷಿಕರದ್ದು, ಉಳಿದ 12 ಲಕ್ಷ ಅಂಗಡಿ ಮತ್ತು ವಾಹನ ಸಾಲ. ಜೀಪಿಗೆ ಕೊಳೆರೋಗ ಬರುವುದಿಲ್ಲವಲ್ಲ! ಆ 12 ಲಕ್ಷ ನಮ್ಮ ಪರಿಶೀಲನೆಯ ತಪ್ಪು ಎಂದು ಒಪ್ಪಬೇಕಾಯಿತು.

ಮೂರನೆಯದು 'ನೂರಕ್ಕೆ ನೂರು ಸುರಕ್ಷಿತ'. ಇದನ್ನು ಪೂರ್ತಿ ತೆಗೆದೆವು. ಹೊರಗಿನವರು ಕೊಡಬೇಕಾದ ಭರವಸೆಯನ್ನು ಅಧ್ಯಕ್ಷರು ಕೊಡಬಾರದು. ಕೇರಳದ ಸಹಕಾರಿ ಠೇವಣಿ ಖಾತರಿ ನಿಧಿಗೂ ಮಿತಿ ಇದೆ. ಮುಂದಿನ ವರ್ಷದ ಮಾತಿಗೂ ಅದೇ ನಿಯಮ ಹಾಕಿಕೊಂಡೆವು: ಆಡಳಿತ ಮಂಡಳಿಯ ನಿರ್ಣಯ ಪುಸ್ತಕದಲ್ಲಿ ಬರೆದಿರುವುದನ್ನು ಬಿಟ್ಟು ಬೇರೇನೂ ಭರವಸೆಯಾಗಿ ಬರಬಾರದು. ಕೊನೆಗೆ ಅಚ್ಚಾದ ಭಾಗ ಹೀಗಿತ್ತು:

"ಈ ವರ್ಷ ಠೇವಣಿ 13 ಕೋಟಿಗೆ ತಲಪಿದೆ. ಹೆಚ್ಚಿದ ಒಂದು ಕೋಟಿಯಲ್ಲಿ 80 ಲಕ್ಷ ನೀವು ತೆಗೆಯದೆ ಬಿಟ್ಟ ಬಡ್ಡಿ. ಆ ವಿಶ್ವಾಸಕ್ಕೆ ಕೃತಜ್ಞತೆಗಳು. ವಾಯಿದೆ ಮೀರಿದ ಬಾಕಿ 14 ಲಕ್ಷ ಏರಿದೆ. ಹಳೆಯ ಬಾಕಿಯಲ್ಲಿ 30 ಲಕ್ಷ ವಸೂಲಾದರೂ, ಹೊಸದಾಗಿ 44 ಲಕ್ಷ ಸೇರಿದೆ. ಅದರಲ್ಲಿ 32 ಲಕ್ಷ ಅಡಿಕೆ ಕೃಷಿಕರದ್ದು. ಅವರ ಜೊತೆ ಕೂತು ಕಂತು ನಿಗದಿ ಮಾಡಲು ಮಂಡಳಿ ನಿರ್ಣಯಿಸಿದೆ. ಉಳಿದ 12 ಲಕ್ಷದಲ್ಲಿ ನಮ್ಮ ಪರಿಶೀಲನೆ ಸಾಲಲಿಲ್ಲ. ಇನ್ನು ಮುಂದೆ ಅಂಥ ಸಾಲಕ್ಕೆ ಇಬ್ಬರು ನಿರ್ದೇಶಕರು ಸ್ಥಳ ನೋಡಿ ಸಹಿ ಹಾಕುತ್ತಾರೆ."

ಇದರಲ್ಲಿ ಹೊಗಳಿಕೆಯ ಒಂದೂ ಗುಣವಾಚಕ ಇಲ್ಲ, ಆದರೂ ಓದಿದರೆ ಧೈರ್ಯ ಬರುತ್ತದೆ. ಏನು ನಡೆಯುತ್ತಿದೆ ಎಂದು ಗೊತ್ತಿರುವವರು ಬರೆದಿದ್ದಾರೆ ಎಂದು ಅನಿಸುತ್ತದೆ. ಮಹಾಸಭೆಯಲ್ಲಿ 12 ಲಕ್ಷದ ಬಗ್ಗೆ ಪ್ರಶ್ನೆ ಬಂತು, ಜೋರಾಗಿಯೇ ಬಂತು. ಅಧ್ಯಕ್ಷರು ತಡಕಾಡಲಿಲ್ಲ. ಆ ಸಾಲಗಳಲ್ಲಿ ಎರಡು ಮಾತ್ರ ಮುಂದಿನ ವರ್ಷ ತೀರಿದವು ಎಂಬುದನ್ನೂ ಹೇಳಿಬಿಡಬೇಕು. ಒಳ್ಳೆಯ ಮಾತು ಬಾಕಿ ವಸೂಲು ಮಾಡುವುದಿಲ್ಲ.

ನಮ್ಮ ಗಡಿನಾಡಿನದ್ದೇ ಒಂದು ತೊಡಕು ಇದೆ. ನಮ್ಮಲ್ಲಿ ಲೆಕ್ಕದ ಪುಟಗಳು ಮಲಯಾಳದಲ್ಲಿ, ಅಧ್ಯಕ್ಷರ ಮಾತು ಕನ್ನಡದಲ್ಲಿ. ಮಲಯಾಳದಲ್ಲಿ ಠೇವಣಿಗೆ 'ನಿಕ್ಷೇಪ' ಎನ್ನುತ್ತಾರೆ. ಕನ್ನಡದಲ್ಲಿ ಅದು ಹೂತಿಟ್ಟ ನಿಧಿ. ಬಾಕಿಗೆ ಅವರದ್ದು 'ಕುಡಿಶಿಕ'. ಕನ್ನಡದಲ್ಲಿ ಬರೇ 'ಬಾಕಿ' ಎಂದರೆ ಹೊರಗಿರುವ ಒಟ್ಟು ಸಾಲವೂ ಆಗಬಹುದು, ವಾಯಿದೆ ಮೀರಿದ್ದೂ ಆಗಬಹುದು. 10 ಕೋಟಿಗೂ 1 ಕೋಟಿ 10 ಲಕ್ಷಕ್ಕೂ ಒಂದೇ ಶಬ್ದ ಬಿದ್ದರೆ ಓದಿದವರ ಗತಿ ಏನು? ಹಾಗಾಗಿ ನಾನು ಪ್ರತಿ ಸಲವೂ 'ವಾಯಿದೆ ಮೀರಿದ ಬಾಕಿ' ಎಂದೇ ಪೂರ್ತಿ ಬರೆಯುತ್ತೇನೆ.

ಈಗಷ್ಟೇ ಜತ್ತದಿಂದ ಒಬ್ಬರು, ತಮ್ಮಲ್ಲಿ ಮರಾಠಿಯ 'ಥಕಬಾಕಿ'ಯೇ ಎಲ್ಲರಿಗೂ ತಿಳಿಯುತ್ತದೆ, ಅದನ್ನೇ ಬಳಸಬಹುದೇ ಎಂದು ಕೇಳಿದ್ದಾರೆ. ಖಂಡಿತ ಬಳಸಿ. ಹಿಂದಿನ ಪುಟದಲ್ಲಿ ಯಾವ ಸಾಲಿಗೆ ಆ ಹೆಸರಿದೆಯೋ ಅದೇ ಸಾಲಿನ ಅಂಕಿಗೆ ಮಾತ್ರ ಬಳಸಿ. ಸದಸ್ಯರು ಬೆರಳಿಟ್ಟು ಹುಡುಕಿದರೆ ಸಿಗಬೇಕು.